ಮೂರು ವಾಲ್ವ್, ಮೂರು ಜಾಗ: ದಾವಣಗೆರೆಯ ಹಾಸ್ಟೆಲ್ ಒಂದರ ನೀರಿನ ಲೈನ್ ದುರಸ್ತಿ

ಕೆಲಸ ನಡೆದದ್ದು ದಾವಣಗೆರೆಯ ವಿದ್ಯಾನಗರದ ಕಡೆ ಇರುವ ಒಂದು ವಿದ್ಯಾರ್ಥಿ ನಿಲಯದಲ್ಲಿ. ನೆಲಮಹಡಿ, ಅದರ ಮೇಲೆ ಎರಡು ಮಹಡಿ. ತಾರಸಿಯಲ್ಲಿ ಐದೈದು ಸಾವಿರ ಲೀಟರಿನ ಎರಡು ಟ್ಯಾಂಕ್. ಎರಡನ್ನೂ ಜೋಡಿಸುವ 80 ಮಿ.ಮೀ. ಯುಪಿವಿಸಿ ಹೆಡರ್ ಪೈಪು. ಅದರಿಂದ ಕಟ್ಟಡದ ಪೂರ್ವಕ್ಕೊಂದು, ಪಶ್ಚಿಮಕ್ಕೊಂದು 40 ಮಿ.ಮೀ. ಪೈಪು ಕೆಳಗಿಳಿಯುತ್ತದೆ. ಪ್ರತಿ ಮಹಡಿಗೂ ಅದರಿಂದ 25 ಮಿ.ಮೀ. ಕವಲು. ಕೆಳಗಿನ ಸಂಪಿಗೆ ಪಾಲಿಕೆಯ ನೀರೂ ಬೀಳುತ್ತದೆ, ಕೊಳವೆಬಾವಿಯ ನೀರೂ ಬೀಳುತ್ತದೆ. ಬೇಸಿಗೆಯಲ್ಲಿ ಕೊಳವೆಬಾವಿಯದೇ ಹೆಚ್ಚು. ಅದು ಗಡಸು ನೀರು, ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುವಂಥದ್ದು. ಮುಂದೆ ಹೇಳುವ ಹಲವು ಸಂಗತಿಗಳಿಗೂ ಈ ಗಡಸುತನಕ್ಕೂ ಸಂಬಂಧವಿದೆ.

ಮಾಲೀಕರ ದೂರು ಎರಡು. ಪಶ್ಚಿಮದ ಕಡೆ ಎರಡನೇ ಮಹಡಿಯ ಸ್ನಾನದ ಮನೆಗಳಲ್ಲಿ ಬೆಳಗಿನ ಹೊತ್ತು ನೀರು ಬರುವುದಿಲ್ಲ. ಟ್ಯಾಂಕ್ ತೊಳೆಸೋಣವೆಂದರೆ ಹೆಡರಿನ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಒಂದು ಟ್ಯಾಂಕ್ ಖಾಲಿ ಮಾಡಿದರೆ ಇನ್ನೊಂದರ ನೀರು ಅದಕ್ಕೆ ನುಗ್ಗುತ್ತದೆ. “ಪೈಪು ಕಟ್ಟಿಕೊಂಡಿರಬೇಕು, ಗೋಡೆ ಒಡೆದೇ ನೋಡಬೇಕಾಗುತ್ತದೆಯೇ?” ಎಂದು ಕೇಳಿದರು. ಗೋಡೆಗೆ ಕೈ ಹಾಕುವ ಮೊದಲು ವಾಲ್ವ್‌ಗಳನ್ನು ನೋಡೋಣ ಯಜಮಾನರೇ ಎಂದೆ.

ಮೊದಲು ಎರಡನೇ ಮಹಡಿಯಲ್ಲಿ ಬಕೆಟ್ ಇಟ್ಟು ಪರೀಕ್ಷೆ ಮಾಡಿದೆವು. ಪಶ್ಚಿಮದಲ್ಲಿ ಒಂದೇ ನಲ್ಲಿ ತೆರೆದಾಗ ನೀರು ಚೆನ್ನಾಗಿಯೇ ಬಂತು. ಜೊತೆಗೆ ಇನ್ನೂ ಮೂರು ನಲ್ಲಿ ತೆರೆದ ಕೂಡಲೇ ಸೊರಗಿ ದಾರದಂತಾಯಿತು. ಪೂರ್ವದಲ್ಲಿ ನಾಲ್ಕು ನಲ್ಲಿ ತೆರೆದರೂ ಅಷ್ಟೇನೂ ಇಳಿಯಲಿಲ್ಲ. ಇದರಿಂದ ಒಂದು ವಿಷಯ ಖಚಿತವಾಯಿತು. ಟ್ಯಾಂಕಿನ ಎತ್ತರ ಎರಡೂ ಕಡೆಗೆ ಒಂದೇ, ಆದ್ದರಿಂದ ಒತ್ತಡದ ಕೊರತೆಯಲ್ಲ. ಹರಿವಿನ ದಾರಿಯಲ್ಲಿ ಎಲ್ಲೋ ಕಿರಿದಾಗಿದೆ. ಕಿರಿದಾದ ಜಾಗ ಸ್ವಲ್ಪ ನೀರನ್ನು ಸದ್ದಿಲ್ಲದೆ ಬಿಡುತ್ತದೆ, ಹೆಚ್ಚು ಕೇಳಿದಾಗ ಮಾತ್ರ ತನ್ನ ಗುಟ್ಟು ಬಿಟ್ಟುಕೊಡುತ್ತದೆ. ಒಂದೇ ನಲ್ಲಿ ತೆರೆದು ನೋಡಿ “ಪ್ರೆಷರ್ ಇದೆ” ಎಂದು ಹೇಳಿ ಹೋದವರಿಗೆ ಈ ದೋಷ ಸಿಗುವುದಿಲ್ಲ.

ಪಶ್ಚಿಮದ ಇಳಿ ಪೈಪಿನ ತಲೆಯಲ್ಲಿ, ತಾರಸಿಯ ಮೇಲೆ, 40 ಮಿ.ಮೀ.ನ ಹಿತ್ತಾಳೆ ಗೇಟ್ ವಾಲ್ವ್ ಇತ್ತು. ಅದರ ಚಕ್ರವನ್ನು ಬಲಕ್ಕೆ ತಿರುಗಿಸಿದೆ. ಸರಿಯಾಗಿರುವ ಗೇಟ್ ವಾಲ್ವ್ ಹಲವು ಸುತ್ತು ಸುತ್ತಿದ ಮೇಲೆ ಗಟ್ಟಿಯಾಗಿ ನಿಲ್ಲಬೇಕು. ಎಡಕ್ಕೆ ತಿರುಗಿಸಿದಾಗಲೂ ಅಷ್ಟೇ ಸುತ್ತಿಗೆ ಮತ್ತೊಂದು ತುದಿ ಸಿಗಬೇಕು. ಇದರಲ್ಲಿ ಬಲಕ್ಕೂ ಕೊನೆಯಿಲ್ಲ, ಎಡಕ್ಕೂ ಕೊನೆಯಿಲ್ಲ. ಚಕ್ರ ಹಗುರವಾಗಿ ಸುತ್ತುತ್ತಲೇ ಇತ್ತು. ಬಿಚ್ಚುವ ಮೊದಲೇ ಒಳಗಿನ ಗೇಟು ಚಕ್ರದ ಕಂಬಿಯಿಂದ ಕಳಚಿಕೊಂಡಿದೆ ಎಂದು ತಿಳಿಯಿತು.

ಮಕ್ಕಳೆಲ್ಲ ಕಾಲೇಜಿಗೆ ಹೋದ ಮೇಲೆ ಎರಡೂ ಟ್ಯಾಂಕ್ ಖಾಲಿ ಮಾಡಿ ವಾಲ್ವಿನ ಮೇಲ್ಮುಚ್ಚಳ ಬಿಚ್ಚಿದೆವು. ಗೇಟ್ ವಾಲ್ವಿನ ಒಳಗೆ ಬೆಣೆಯ ಆಕಾರದ ಒಂದು ತಟ್ಟೆ ಇರುತ್ತದೆ, ಅದೇ ಗೇಟು. ಕಂಬಿ ತಿರುಗಿದಂತೆ ಅದು ಮೇಲಕ್ಕೆ ಏರಿ ದಾರಿ ಬಿಡುತ್ತದೆ, ಕೆಳಗಿಳಿದು ಎರಡು ಸೀಟುಗಳ ನಡುವೆ ಬಿಗಿಯಾಗಿ ಕೂರುತ್ತದೆ. ನಮ್ಮ ಮನೆಗಳಲ್ಲಿ ಹಾಕುವ ಚಿಕ್ಕ ವಾಲ್ವ್‌ಗಳಲ್ಲಿ ಚಕ್ರ ಮೇಲೇರುವುದಿಲ್ಲ. ಕಂಬಿಯ ಮರೆ, ಅಂದರೆ ತಿರುಪಿನ ಸುತ್ತುಗೆರೆ, ಗೇಟಿನ ಒಳಗೆ, ಸದಾ ನೀರಿನಲ್ಲೇ ಇರುತ್ತದೆ. ಇಲ್ಲಿ ಬಿಚ್ಚಿ ನೋಡಿದಾಗ ಗೇಟು ಮುಕ್ಕಾಲು ದಾರಿ ಮುಚ್ಚಿ ನಿಂತುಬಿಟ್ಟಿತ್ತು. ಅದರ ಮರೆಯ ಜಾಗದಲ್ಲಿ ಹಿತ್ತಾಳೆಯ ಹಳದಿ ಇರಲಿಲ್ಲ. ತಾಮ್ರದಂತೆ ಕೆಂಪಾಗಿ, ಉಗುರಿನಿಂದ ಕೆರೆದರೆ ಪುಡಿಯಾಗುವಷ್ಟು ಸಡಿಲವಾಗಿತ್ತು. ಅಗ್ಗದ ಹಿತ್ತಾಳೆಯಲ್ಲಿರುವ ಸತುವನ್ನು ನೀರು ವರ್ಷಾನುಗಟ್ಟಲೆ ಕರಗಿಸಿ ಒಯ್ದರೆ ಹೀಗಾಗುತ್ತದೆ. ಆಕಾರ ಹಾಗೆಯೇ ಉಳಿದಿರುತ್ತದೆ, ಬಲ ಮಾತ್ರ ಇರುವುದಿಲ್ಲ. ಯಾರೋ ಒಂದು ದಿನ ಜೋರಾಗಿ ತಿರುಗಿಸಿದ್ದಾರೆ, ಮರೆ ಕಿತ್ತುಬಂದಿದೆ. ಗೇಟು ಇಳಿದು ಕೂರುವ ಕೆಳಗಿನ ಕುಳಿಯಲ್ಲಿ ಬಿಳಿ ಸುಣ್ಣದ ಪೊರೆಯೂ ಮರಳೂ ಸೇರಿ ಗಟ್ಟಿಯಾಗಿ ಕೂತಿದ್ದವು. ಕಂಬಿ ಸರಿಯಾಗಿದ್ದಿದ್ದರೂ ಈ ವಾಲ್ವ್ ಪೂರ್ತಿ ಮುಚ್ಚುತ್ತಿರಲಿಲ್ಲ.

ಇದರ ಜಾಗಕ್ಕೆ ಮತ್ತೊಂದು ಗೇಟ್ ವಾಲ್ವ್ ಹಾಕಲಿಲ್ಲ. ಗೇಟ್ ವಾಲ್ವ್ ಕೆಟ್ಟದ್ದೆಂದು ಅಲ್ಲ. ಪೂರ್ತಿ ತೆರೆದಿಟ್ಟರೆ ಅದರಷ್ಟು ಸಲೀಸಾಗಿ ನೀರು ಬಿಡುವ ವಾಲ್ವ್‌ಗಳು ಕಡಿಮೆ, ಏಕೆಂದರೆ ಗೇಟು ದಾರಿಯಿಂದ ಪೂರ್ತಿ ಮೇಲೆ ಸರಿದಿರುತ್ತದೆ. ಆದರೆ ತಾರಸಿಯ ಈ ವಾಲ್ವನ್ನು ನಲ್ಲಿ ಸೋರಿದಾಗ, ಗೀಸರ್ ಬದಲಿಸುವಾಗ, ಫ್ಲಶ್ ಕೆಟ್ಟಾಗ, ಹೀಗೆ ಮೇಲಿಂದ ಮೇಲೆ ಮುಟ್ಟುತ್ತಾರೆ. ಮುಟ್ಟುವವರು ವಾರ್ಡನ್, ಕಾವಲುಗಾರ, ಕೆಲವೊಮ್ಮೆ ಮಕ್ಕಳೇ. ಅಂಥ ಜಾಗದಲ್ಲಿ ವಾಲ್ವ್ ತೆರೆದಿದೆಯೋ ಮುಚ್ಚಿದೆಯೋ ಎಂಬುದು ದೂರದಿಂದಲೇ ಕಾಣಬೇಕು. ಬಾಲ್ ವಾಲ್ವ್‌ನ ಹಿಡಿಕೆ ಪೈಪಿನ ಉದ್ದಕ್ಕೆ ಇದ್ದರೆ ತೆರೆದಿದೆ, ಅಡ್ಡಕ್ಕೆ ಇದ್ದರೆ ಮುಚ್ಚಿದೆ. ಒಳಗೆ ನಡುವೆ ತೂತಿರುವ ಗುಂಡು, ಅದರ ಎರಡೂ ಬದಿಗೆ ಟೆಫ್ಲಾನ್ ಸೀಟು. ಕಾಲು ಸುತ್ತಿನಲ್ಲಿ ಕೆಲಸ ಮುಗಿಯುತ್ತದೆ. ತಿರುಗುವಾಗ ಗುಂಡು ಸೀಟಿನ ಮೇಲೆ ಉಜ್ಜಿಕೊಂಡೇ ಹೋಗುವುದರಿಂದ ತೆಳುವಾದ ಸುಣ್ಣದ ಪೊರೆ ತಾನಾಗಿ ಕೆರೆದುಹೋಗುತ್ತದೆ. ವರ್ಷಗಟ್ಟಲೆ ಮುಟ್ಟದೆ ಬಿಟ್ಟರೆ ಮಾತ್ರ ಪೊರೆ ದಪ್ಪವಾಗಿ ಗುಂಡು ಹಿಡಿದುಕೊಳ್ಳುತ್ತದೆ. ಹಾಗಾಗಿ ತಿಂಗಳಿಗೊಮ್ಮೆ ಎಲ್ಲ ಬಾಲ್ ವಾಲ್ವ್‌ಗಳನ್ನೂ ಒಮ್ಮೆ ಮುಚ್ಚಿ ತೆರೆಯಲು ವಾರ್ಡನ್‌ಗೆ ಹೇಳಿದ್ದೇನೆ.

ಅಂಗಡಿಯಲ್ಲಿ ಬಾಲ್ ವಾಲ್ವ್ ಕೊಳ್ಳುವಾಗ ಕಣ್ಣಿಗೆ ಹಿಡಿದು ತೂತಿನ ಮೂಲಕ ಆಚೆ ನೋಡಿ. ಗುಂಡಿನ ತೂತು ಪೈಪಿನ ತೂತಿನಷ್ಟೇ ಇದ್ದರೆ ಅದು ಫುಲ್ ಬೋರ್. ಅಗ್ಗದವುಗಳಲ್ಲಿ ಗುಂಡಿನ ತೂತು ಒಂದು ಅಳತೆ ಚಿಕ್ಕದಿರುತ್ತದೆ. 40 ಎಂದು ಬರೆದಿದ್ದರೂ ಒಳದಾರಿ 32ರ ಹತ್ತಿರ. ಟ್ಯಾಂಕಿನಿಂದ ಎರಡನೇ ಮಹಡಿಯ ನಲ್ಲಿಗೆ ಇರುವ ಎತ್ತರವೇ ಮೂರು, ನಾಲ್ಕು ಮೀಟರು. ಹತ್ತು ಮೀಟರಿಗೆ ಒಂದು ಕೆ.ಜಿ. ಒತ್ತಡ ಎಂಬ ಲೆಕ್ಕದಲ್ಲಿ ಅದು ಅರ್ಧ ಕೆ.ಜಿ.ಯೂ ಆಗುವುದಿಲ್ಲ. ಇಷ್ಟು ಕಡಿಮೆ ಒತ್ತಡದ ಲೈನಿನಲ್ಲಿ ಕಿರಿದಾದ ಒಂದೊಂದು ಜಾಗವೂ ಮೇಲಿನ ಮಹಡಿಗೆ ಹೊರೆಯೇ. ಫುಲ್ ಬೋರ್ ವಾಲ್ವ್‌ಗೆ ಕೊಡುವ ಹೆಚ್ಚಿನ ಹಣ ಇಲ್ಲಿ ನಿಜಕ್ಕೂ ಸಾರ್ಥಕ.

ಕೂರಿಸುವಾಗ ಗಮನವಿರಬೇಕಾದ ಜಾಗ ಒಂದೇ. ವಾಲ್ವ್‌ನ ಯಾವ ತುದಿಗೆ ಪೈಪು ಬಿಗಿಸುತ್ತೀರೋ ಆ ತುದಿಯ ಷಟ್ಕೋನವನ್ನೇ ಸ್ಪ್ಯಾನರಿನಿಂದ ಹಿಡಿಯಬೇಕು. ಆಚೆ ತುದಿ ಹಿಡಿದು ತಿರುಗಿಸಿದರೆ ಬಲವೆಲ್ಲ ವಾಲ್ವ್‌ನ ಮೈ ಮೂಲಕ ಹಾದುಹೋಗುತ್ತದೆ. ಎರಡು ತುಂಡು ಸೇರಿಸಿ ಮಾಡಿದ ಮೈ ಸ್ವಲ್ಪ ಸಡಿಲವಾದರೂ ಸೀಟು ಸೋರಲು ಶುರುವಾಗುತ್ತದೆ. ವಾಲ್ವ್ ಆದ ಮೇಲೆ, ಬಿಚ್ಚಿ ಮತ್ತೆ ಜೋಡಿಸಬಹುದಾದ ಒಂದು ಯೂನಿಯನ್ ಹಾಕಿದೆವು. ಮುಂದೆ ಬದಲಿಸಬೇಕಾದಾಗ ಪೈಪು ಕತ್ತರಿಸುವ ಗೊಡವೆ ಇರುವುದಿಲ್ಲ.

ಬಾಲ್ ವಾಲ್ವ್ ಎಂದ ಕೂಡಲೇ ಒಂದು ಹೆದರಿಕೆ ಕೇಳಿಬರುತ್ತದೆ: ತಟ್ಟನೆ ಮುಚ್ಚಿದರೆ ಪೈಪು ಒಡೆಯುತ್ತದೆ ಎಂದು. ಹೆದರಿಕೆ ನಿಜ, ಆದರೆ ಎಲ್ಲ ಕಡೆಗೂ ಅಲ್ಲ. ಅದನ್ನು ತೀರ್ಮಾನಿಸುವುದು ಲೈನಿನ ಉದ್ದ. ಹರಿಯುವ ನೀರನ್ನು ತಡೆದಾಗ ಒತ್ತಡದ ಅಲೆಯೊಂದು ವಾಲ್ವ್‌ನಿಂದ ಹಿಂದಕ್ಕೆ ಓಡಿ, ಲೈನಿನ ಇನ್ನೊಂದು ತುದಿ ಮುಟ್ಟಿ, ವಾಪಸ್ ಬರುತ್ತದೆ. ಅಲೆ ವಾಪಸ್ ಬರುವುದಕ್ಕೆ ಮೊದಲೇ ವಾಲ್ವ್ ಪೂರ್ತಿ ಮುಚ್ಚಿದರೆ ಪೂರ್ತಿ ಹೊಡೆತ ಬೀಳುತ್ತದೆ. ನಿಧಾನವಾಗಿ ಮುಚ್ಚಿದಷ್ಟೂ ಹೊಡೆತ ಕಡಿಮೆ.

ಈ ಹಾಸ್ಟೆಲಿನ ಇಳಿ ಪೈಪು ಜಿ.ಐ., ಅತಿ ದೂರದ ಕವಲಿನವರೆಗೂ 15 ಮೀಟರಿನಷ್ಟು. ಜಿ.ಐ. ಪೈಪಿನ ನೀರಿನಲ್ಲಿ ಅಲೆ ಸೆಕೆಂಡಿಗೆ ಸುಮಾರು 1300 ಮೀಟರ್ ಓಡುತ್ತದೆ. ಹೋಗಿ ಬರುವ 30 ಮೀಟರಿಗೆ ಹಿಡಿಯುವ ಕಾಲ ಸೆಕೆಂಡಿನ ನಲವತ್ತರಲ್ಲಿ ಒಂದು ಪಾಲು. ಯಾವ ಕೈಯೂ ಅಷ್ಟು ಬೇಗ ಹಿಡಿಕೆ ತಿರುಗಿಸುವುದಿಲ್ಲ. ಜೋರಾಗಿ ಮುಚ್ಚಿದರೆ ಒಂದು ‘ಧಡ್’ ಕೇಳಿಸಬಹುದು, ಪೈಪು ಒಡೆಯುವುದಿಲ್ಲ.

ಈಗ ಚನ್ನಗಿರಿ ಕಡೆಯ ಅಡಿಕೆ ತೋಟವೊಂದನ್ನು ತೆಗೆದುಕೊಳ್ಳಿ. ಕೊಳವೆಬಾವಿಯಿಂದ ತೋಟದ ತುದಿಗೆ 300 ಮೀಟರ್, 4 ಕೆ.ಜಿ. ದರ್ಜೆಯ 63 ಮಿ.ಮೀ. ಪಿವಿಸಿ. ತೆಳುವಾದ ಪಿವಿಸಿಯಲ್ಲಿ ಅಲೆ ನಿಧಾನ, ಸೆಕೆಂಡಿಗೆ ಸುಮಾರು 300 ಮೀಟರ್. ಹೋಗಿ ಬರುವುದಕ್ಕೆ ಎರಡು ಸೆಕೆಂಡು ಬೇಕು. ಬಾಲ್ ವಾಲ್ವ್ ಮುಚ್ಚಲು ಒಂದು ಸೆಕೆಂಡೂ ಬೇಡ. ಹಾಗಾಗಿ ಪೂರ್ತಿ ಹೊಡೆತ ತಪ್ಪುವುದಿಲ್ಲ. ನೀರು ಸೆಕೆಂಡಿಗೆ 1.2 ಮೀಟರ್ ವೇಗದಲ್ಲಿ ಹರಿಯುತ್ತಿದ್ದರೆ, ಅಲೆಯ ವೇಗವನ್ನು ನೀರಿನ ವೇಗದಿಂದ ಗುಣಿಸಿ ನೂರರಿಂದ ಭಾಗಿಸಿದರೆ ಸರಿಸುಮಾರು 3.6 ಕೆ.ಜಿ. ಬರುತ್ತದೆ. ಇದು ಮೋಟಾರಿನ ಒತ್ತಡದ ಮೇಲೆ ಬೀಳುವ ಹೆಚ್ಚುವರಿ ಒತ್ತಡ. 2 ಕೆ.ಜಿ.ಯಲ್ಲಿ ಓಡುತ್ತಿದ್ದ ಲೈನು ಕ್ಷಣಮಾತ್ರದಲ್ಲಿ ಐದೂವರೆ ದಾಟುತ್ತದೆ, ಪೈಪಿನ ದರ್ಜೆ 4. ಒಡೆಯುವುದು ಸಾಮಾನ್ಯವಾಗಿ ವಾಲ್ವ್ ಪಕ್ಕದಲ್ಲೇ ಅಲ್ಲ, ಎಲ್ಲೋ ಸರಿಯಾಗಿ ಅಂಟದ ಸಾಕೆಟಿನಲ್ಲಿ. ಅದಕ್ಕೇ ತಪ್ಪು ಪೈಪಿನ ತಲೆಗೆ ಬರುತ್ತದೆ. ಹೀಗೆ ಉದ್ದನೆಯ ಲೈನಿನಲ್ಲಿ ಹಲವು ಸುತ್ತು ತಿರುಗಿಸಿ ಮುಚ್ಚುವ ಗೇಟ್ ವಾಲ್ವ್‌ನ ನಿಧಾನವೇ ಅದರ ದೊಡ್ಡ ಗುಣ. ಬಾಲ್ ವಾಲ್ವ್ ಈಗಾಗಲೇ ಇದ್ದರೆ ಮೊದಲು ತೋಟದ ಇನ್ನೊಂದು ಭಾಗದ ವಾಲ್ವ್ ತೆರೆದು, ಆಮೇಲೆ ಇದನ್ನು ಮುಚ್ಚಬೇಕು. ಕೊನೆಯ ಕಾಲು ಭಾಗವನ್ನಂತೂ ಬಹಳ ನಿಧಾನಕ್ಕೆ ಮುಚ್ಚಬೇಕು, ಏಕೆಂದರೆ ಬಾಲ್ ವಾಲ್ವ್ ಹರಿವನ್ನು ನಿಜವಾಗಿ ಕಡಿಯುವುದು ಅಲ್ಲಿಯೇ.

ಮತ್ತೆ ತಾರಸಿಗೆ ಬರೋಣ. ಎರಡು ಟ್ಯಾಂಕಿನ ನಡುವಿನ 80 ಮಿ.ಮೀ. ಹೆಡರಿನಲ್ಲಿ ಎರಕದ ಕಬ್ಬಿಣದ ಗೇಟ್ ವಾಲ್ವ್ ಇತ್ತು, ಪಾಲಿಕೆಯವರು ರಸ್ತೆಯ ದೊಡ್ಡ ಪೈಪಿಗೆ ಹಾಕುವ ಸ್ಲೂಸ್ ವಾಲ್ವ್‌ನ ಚಿಕ್ಕ ಅಳತೆ. ಉದ್ದ ಸರಿಸುಮಾರು ಒಂದು ಗೇಣು, ತೂಕ ಹದಿನೈದು ಕಿಲೋಗೆ ಮೇಲೆ. ಅಷ್ಟು ಭಾರವನ್ನು ಕೆಳಗೆ ಆಸರೆಯಿಲ್ಲದೆ ಪ್ಲಾಸ್ಟಿಕ್ ಪೈಪಿಗೆ ನೇತುಹಾಕಿದ್ದರು. ಪೈಪಿನ ತುದಿಯಲ್ಲಿ ಬೋಲ್ಟ್ ಹಾಕಲು ಇರುವ ಅಗಲವಾದ ಬಳೆ, ಅಂದರೆ ಫ್ಲೇಂಜ್, ಒಂದು ಕಡೆ ಬುಡದಲ್ಲಿ ಕೂದಲೆಳೆಯಂಥ ಬಿರುಕು ಕಂಡಿತು. ಒಳಗೆ ಮತ್ತೆ ಅದೇ ಕಥೆ: ಕುಳಿಯಲ್ಲಿ ಹೂಳು, ಗೇಟು ತಳ ಮುಟ್ಟುತ್ತಿರಲಿಲ್ಲ.

ಇಲ್ಲಿಗೆ ಬಟರ್‌ಫ್ಲೈ ವಾಲ್ವ್ ತಂದೆ. ಇದರಲ್ಲಿ ಪೈಪಿನ ನಡುವೆ ಒಂದು ದುಂಡು ತಟ್ಟೆ, ನಡುವೆ ಕಂಬಿ. ಕಾಲು ಸುತ್ತು ತಿರುಗಿಸಿದರೆ ತಟ್ಟೆ ಅಡ್ಡ ನಿಂತು ಮುಚ್ಚುತ್ತದೆ, ನೆಟ್ಟಗಾದರೆ ನೀರು ಅದರ ಎರಡೂ ಬದಿಯಿಂದ ಹೋಗುತ್ತದೆ. ತಟ್ಟೆಯ ಅಂಚು ಒಳಗಿನ ರಬ್ಬರಿಗೆ ಒತ್ತಿಕೊಳ್ಳುವುದರಿಂದ ಹೂಳು ಕೂರುವ ಕುಳಿಯೇ ಇರುವುದಿಲ್ಲ. ತೂಕ ನಾಲ್ಕೈದು ಕಿಲೋ, ದಪ್ಪ 46 ಮಿ.ಮೀ. ತೆರೆದಾಗಲೂ ತಟ್ಟೆ ನೀರಿನ ದಾರಿಯಲ್ಲೇ ಉಳಿಯುವುದರಿಂದ ಸ್ವಲ್ಪ ತಡೆ ಇದ್ದೇ ಇರುತ್ತದೆ, 80 ಮಿ.ಮೀ. ಪೈಪಿನಲ್ಲಿ ಈ ಕಟ್ಟಡದ ಹರಿವಿಗೆ ಅದು ಲೆಕ್ಕಕ್ಕಿಲ್ಲ. ಚಿಕ್ಕ ಪೈಪಿನಲ್ಲಾದರೆ ತಟ್ಟೆಯೇ ದಾರಿಯ ಬಹುಪಾಲನ್ನು ತಿನ್ನುತ್ತದೆ. 40, 50 ಮಿ.ಮೀ.ಗಿಂತ ಕೆಳಗೆ ಈ ವಾಲ್ವ್ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗದಿರುವುದಕ್ಕೆ ಅದೂ ಒಂದು ಕಾರಣ.

ಇದನ್ನು ಕೂರಿಸುವುದರಲ್ಲಿ ನಿಜವಾದ ಕೈಚಳಕ ಬೇಕು. ಹಳೆಯ ವಾಲ್ವ್ ಬಿಟ್ಟ ಗೇಣುದ್ದದ ಜಾಗವನ್ನು ತುಂಬಲು ಎರಡೂ ಕಡೆ ಫ್ಲೇಂಜ್ ಇರುವ ಪೈಪಿನ ತುಂಡೊಂದನ್ನು ಮಾಡಿಕೊಂಡೆವು. ಫ್ಲೇಂಜ್‌ನ ಬೋಲ್ಟ್ ತೂತುಗಳು ಬೇರೆ ಬೇರೆ ಅಳತೆ ಪಟ್ಟಿಗಳ ಪ್ರಕಾರ ಬೇರೆ ಬೇರೆ ಅಂತರದಲ್ಲಿರುತ್ತವೆ, ಆದ್ದರಿಂದ ಹಳೆಯ ಫ್ಲೇಂಜನ್ನೇ ಅಂಗಡಿಗೆ ಒಯ್ದು ವಾಲ್ವ್‌ಗೆ ಹಿಡಿದು ನೋಡಿ ತಂದದ್ದು.

ಆಮೇಲೆ ತಟ್ಟೆಯ ಲೆಕ್ಕ. ತಟ್ಟೆಯ ಅಗಲ 80, ವಾಲ್ವ್‌ನ ದಪ್ಪ 46. ತೆರೆದಾಗ ತಟ್ಟೆ ಎರಡೂ ಬದಿಗೆ 17 ಮಿ.ಮೀ. ಹೊರಚಾಚಿ ಪಕ್ಕದ ಪೈಪಿನೊಳಗೆ ನುಗ್ಗುತ್ತದೆ. ವಾಲ್ವ್ ಮುಗಿದು ಪೈಪು ಶುರುವಾಗುವ ಗೆರೆಯಲ್ಲಿ ತಟ್ಟೆಯ ಅಗಲ ಸುಮಾರು 65 ಮಿ.ಮೀ. ನಮ್ಮದು ಷೆಡ್ಯೂಲ್ 80 ದಪ್ಪದ ಯುಪಿವಿಸಿ, ಅದರ ಒಳ ಅಳತೆ 73ರ ಆಸುಪಾಸು. ಉಳಿಯುವ ತೆರಪು ಬದಿಗೆ ನಾಲ್ಕು ಮಿಲಿಮೀಟರ್ ಅಷ್ಟೇ. ವಾಲ್ವ್ ಒಂದಿಷ್ಟು ಓರೆಯಾಗಿ ಕೂತರೂ ತಟ್ಟೆ ಪೈಪಿನ ಅಂಚಿಗೆ ಬಡಿದು ಅರ್ಧಕ್ಕೇ ನಿಲ್ಲುತ್ತದೆ. ಇನ್ನೂ ದಪ್ಪ ಗೋಡೆಯ ಫಿಟ್ಟಿಂಗ್ ಆಗಿದ್ದರೆ ಒಳ ಅಂಚನ್ನು ಓರೆಯಾಗಿ ಅರದಿಂದ ತೀಡಲೇಬೇಕಾಗುತ್ತಿತ್ತು.

ತಟ್ಟೆಯನ್ನು ಒಂಚೂರು ಮಾತ್ರ ತೆರೆದು, ಅಂಚು ವಾಲ್ವ್‌ನ ಮುಖದಿಂದ ಹೊರಬರದಂತೆ ನೋಡಿಕೊಂಡು, ಎರಡು ಫ್ಲೇಂಜ್‌ಗಳ ನಡುವೆ ಇಳಿಸಿದೆವು. ವಾಲ್ವ್‌ನ ರಬ್ಬರೇ ಗ್ಯಾಸ್ಕೆಟ್, ಬೇರೆ ಗ್ಯಾಸ್ಕೆಟ್ ಹಾಕಬಾರದು. ಗ್ರೀಸ್ ಸವರಲೂಬಾರದು, ಈ ವಾಲ್ವ್‌ಗಳಲ್ಲಿ ಸಾಮಾನ್ಯವಾಗಿರುವ ಇಪಿಡಿಎಂ ರಬ್ಬರಿಗೆ ಪೆಟ್ರೋಲಿಯಂ ಗ್ರೀಸ್ ತಾಗಿದರೆ ಊದಿಕೊಳ್ಳುತ್ತದೆ. ಜಾರಲೆಂದು ಸಾಬೂನು ನೀರು ಸವರಿದರೆ ಸಾಕು. ಬೋಲ್ಟ್‌ಗಳನ್ನು ಬೆರಳಿನಿಂದ ಹಾಕಿ, ಹಿಡಿಕೆಯನ್ನು ಪೂರ್ತಿ ತೆರೆದು ಮುಚ್ಚಿ ನೋಡಿದೆ. ಕೊನೆಯ ಭಾಗದಲ್ಲಿ ಕೈಗೆ ಸಣ್ಣಗೆ ಕೆರೆತ ತಿಳಿಯಿತು. ವಾಲ್ವನ್ನು ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನಡುವಿಗೆ ತಂದ ಮೇಲೆ ಕೆರೆತ ಹೋಯಿತು. ಆಮೇಲೆ ತಟ್ಟೆಯನ್ನು ಪೂರ್ತಿ ತೆರೆದೇ ಇಟ್ಟು ಬೋಲ್ಟ್‌ಗಳನ್ನು ಎದುರು ಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಸಿದೆವು. ಮುಚ್ಚಿಟ್ಟು ಬಿಗಿಸಿದರೆ ರಬ್ಬರು ತಟ್ಟೆಯ ಸುತ್ತ ಉಬ್ಬಿ ಹಿಡಿದುಕೊಳ್ಳುತ್ತದೆ, ಮೊದಲ ಸಲ ತೆರೆಯುವಾಗಲೇ ಹರಿಯಬಹುದು. ತಟ್ಟೆಯ ಕಂಬಿಯನ್ನು ಅಡ್ಡಕ್ಕೆ ಇಟ್ಟೆವು. ಕಂಬಿ ನೆಟ್ಟಗಿದ್ದರೆ ಅದರ ಕೆಳತುದಿಯಲ್ಲಿ ಮರಳು ಸೇರುತ್ತದೆ. ಕೊನೆಗೆ ಎರಡೂ ಬದಿಗೆ ಇಟ್ಟಿಗೆ ಕಟ್ಟಿ ಪೈಪಿಗೆ ಆಸರೆ ಕೊಟ್ಟೆವು.

ಸಂಪಿನ ಮೋಟಾರಿನಿಂದ ಮೇಲೇರುವ ಪೈಪಿನಲ್ಲಿದ್ದ ಗನ್‌ಮೆಟಲ್ ಗೇಟ್ ವಾಲ್ವನ್ನು ಮಾತ್ರ ಹಾಗೆಯೇ ಉಳಿಸಿದೆ. “ಇದನ್ನೂ ಬಾಲ್ ವಾಲ್ವ್ ಮಾಡಿಬಿಡಿ” ಎಂದು ಮಾಲೀಕರು ಹೇಳಿದರು. ಅಗತ್ಯವಿರಲಿಲ್ಲ. ನೀರು ಹಿಂದಕ್ಕೆ ಬರದಂತೆ ತಡೆಯುವ ಎನ್‌ಆರ್‌ವಿ ವಾಲ್ವ್ ಬಿಚ್ಚುವಾಗ ಬಿಟ್ಟರೆ ಅದನ್ನು ಯಾರೂ ಮುಟ್ಟುವುದಿಲ್ಲ, ಸದಾ ಪೂರ್ತಿ ತೆರೆದಿರುತ್ತದೆ, ಎರಡೂ ತುದಿಗೆ ಗಟ್ಟಿಯಾಗಿ ನಿಲ್ಲುತ್ತದೆ. ಕಂಬಿಯ ಬುಡದಲ್ಲಿ ಹನಿ ತೊಟ್ಟಿಕ್ಕುತ್ತಿತ್ತು. ಗ್ಲ್ಯಾಂಡ್ ನಟ್ಟನ್ನು ಕಾಲು ಸುತ್ತು ಬಿಗಿಸಿದರೂ ನಿಲ್ಲಲಿಲ್ಲ. ನಟ್ ಬಿಚ್ಚಿ, ಒಣಗಿ ಗಟ್ಟಿಯಾಗಿದ್ದ ಹಳೆಯ ಹುರಿಯನ್ನು ಕೆದಕಿ ತೆಗೆದು, ಟೆಫ್ಲಾನ್ ಹುರಿ ಸುತ್ತಿ ಬಿಗಿಸಿದ ಮೇಲೆ ನಿಂತಿತು. ಇಂಥ ವಾಲ್ವನ್ನು ಪೂರ್ತಿ ತೆರೆದ ಮೇಲೆ ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿಡಬೇಕು. ತುದಿಗೆ ಒತ್ತಿಟ್ಟು ವರ್ಷ ಬಿಟ್ಟರೆ ಕಂಬಿ ಅಲ್ಲೇ ಅಂಟಿಕೊಳ್ಳುತ್ತದೆ.

ನೆಲಮಹಡಿಯ 25 ಮಿ.ಮೀ. ಕವಲಿನಲ್ಲಿ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಅಲ್ಲಿ ಬಾಲ್ ವಾಲ್ವೇ ಇತ್ತು, ಹಿಡಿಕೆ ಓರೆಯಾಗಿ ನಿಂತಿತ್ತು. ಕೆಳಗೆ ನೀರು ಹೆಚ್ಚು ಹೋಗುತ್ತದೆಂದು ವಾರ್ಡನ್ ಅರ್ಧ ಮುಚ್ಚಿಟ್ಟಿದ್ದರು. ಮೇಲಿನವರಿಗೂ ನೀರು ಸಿಗಲಿ ಎಂಬ ಅವರ ಕಾಳಜಿ ಸರಿಯೇ. ಆದರೆ ಅರ್ಧ ತೆರೆದ ಗುಂಡಿನ ಸಂದಿಯಿಂದ ನೀರು ಚಿಮ್ಮುವಾಗ ಅದರಲ್ಲಿರುವ ಮರಳು ಟೆಫ್ಲಾನ್ ಸೀಟಿನ ಒಂದೇ ಜಾಗವನ್ನು ಕೊರೆಯುತ್ತದೆ. ಪೂರ್ತಿ ಮುಚ್ಚಿ ನೋಡಿದೆವು, ಮುಂದಿನ ನಲ್ಲಿಯಲ್ಲಿ ನೂಲಿನಂತೆ ನೀರು ಬರುತ್ತಲೇ ಇತ್ತು. ಗೇಟ್ ವಾಲ್ವ್ ಇದ್ದಿದ್ದರೂ ಗತಿ ಇದೇ. ಅರ್ಧದಲ್ಲಿ ನೇತಾಡುವ ಗೇಟು ಹರಿವಿನಲ್ಲಿ ನಡುಗಿ ಸೀಟನ್ನು ಸವೆಸುತ್ತದೆ. ಹರಿವನ್ನು ಹಿಡಿದು ಬಿಡಲು ಮಾಡಿದ್ದು ಗ್ಲೋಬ್ ವಾಲ್ವ್. ಹೊಸ ಬಾಲ್ ವಾಲ್ವ್ ಹಾಕಿ, ಅದರ ಮುಂದೆ ಒಂದು ಗ್ಲೋಬ್ ವಾಲ್ವ್ ಸೇರಿಸಿದೆವು. ನಾಲ್ಕು ನಲ್ಲಿ ತೆರೆದಿಟ್ಟು, ನೆಲಮಹಡಿಯ ಬಕೆಟ್ಟೂ ಎರಡನೇ ಮಹಡಿಯ ಬಕೆಟ್ಟೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ತುಂಬುವಂತೆ ಅದನ್ನು ಹೊಂದಿಸಿ, ಚಕ್ರ ತೆಗೆದು ವಾರ್ಡನ್ ಕೈಗೆ ಕೊಟ್ಟೆ.

ಕೊನೆಯ ಪರೀಕ್ಷೆ ಹೆಡರಿನದು. ಬಟರ್‌ಫ್ಲೈ ಮುಚ್ಚಿ, ಪೂರ್ವದ ಟ್ಯಾಂಕ್ ತುಂಬಿಸಿ, ಪಶ್ಚಿಮದ್ದನ್ನು ಪೂರ್ತಿ ಖಾಲಿ ಮಾಡಿ ತಳ ಒರೆಸಿ ರಾತ್ರಿ ಬಿಟ್ಟೆವು. ಬೆಳಿಗ್ಗೆ ತಳ ಒಣಗಿಯೇ ಇತ್ತು. ಟ್ಯಾಂಕ್ ತೊಳೆಯುವವರನ್ನು ಮಾಲೀಕರು ಅದೇ ದಿನ ಕರೆಸಿದರು.